ಎರಡು ಕಾಲಮ್ಮಿನ ನೋಟ್‌ಬುಕ್

‘ಅಜ್ಜ, ಅಪ್ಪ ಯಾಕೆ ಊಟದ ಮಧ್ಯೆ ಮೊಬೈಲ್ ನೋಡ್ತಾನೇ ಇರ್ತಾರೆ?’ ಮೊನ್ನೆ ಮೊಮ್ಮಗಳು ಕೇಳಿದಳು. ಮಗನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಾರೆಂಬ ಗುಸುಗುಸು ಎದ್ದು ತಿಂಗಳಾಗಿದೆ. ಮೇಲಿನವರು ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ.

ನನಗೆ 2000ನೇ ಇಸವಿ ನೆನಪಾಯಿತು. ಕಂಪ್ಯೂಟರ್ ಬಂತು, ಗುಮಾಸ್ತರು ಹೆಚ್ಚಾದರು, ಮನೆಗೆ ಕಳಿಸುತ್ತಾರೆ ಎಂದು ನಮ್ಮ ಶಾಖೆಯ ತುಂಬ ಅದೇ ಮಾತು. ಮ್ಯಾನೇಜರನ್ನು ಕೇಳಿದರೆ, ‘ನನಗೂ ಏನೂ ಬಂದಿಲ್ಲಪ್ಪ’ ಎನ್ನುತ್ತಿದ್ದರು. ಒಂದು ಸಂಜೆ ನನ್ನ ಲೆಡ್ಜರ್ 90 ರೂಪಾಯಿ ತಾಳೆಯಾಗಲಿಲ್ಲ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ತಿರುಗುಮುರುಗಾಗಿದೆಯೇ ಎಂದು ಮೊದಲು ಹುಡುಕಬೇಕು. ಮಕ್ಕಳೇ, ನೀವೂ ಲೆಕ್ಕ ಹಾಕಿ ನೋಡಿ. 540 ಇದ್ದದ್ದನ್ನು ನಾನು 450 ಎಂದು ಬರೆದಿದ್ದೆ. ಕೈ ಬರೆಯುತ್ತಿತ್ತು, ಕಿವಿ ಪಕ್ಕದ ಟೇಬಲ್ಲಿನ ಮಾತಿನಲ್ಲಿತ್ತು! ಮರುದಿನದಿಂದ, ಲೆಕ್ಕ ತಾಳೆಯಾಗುವವರೆಗೆ ಆ ಸುದ್ದಿ ನನ್ನ ಹತ್ತಿರ ಎತ್ತಬೇಡಿ ಎಂದುಬಿಟ್ಟೆ.

ಆ ರಾತ್ರಿಯೇ ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಮ್ ಎಳೆದೆ. ಎಡಕ್ಕೆ ‘ಕೇಳಿದ್ದು’, ಬಲಕ್ಕೆ ‘ಕಾಗದದಲ್ಲಿ ಕಂಡದ್ದು’. ಎಡಗಡೆ ಎರಡು ಪುಟ ತುಂಬಿದರೂ ಬಲಗಡೆ ಖಾಲಿಯೇ ಇತ್ತು.

ಕೊನೆಗೆ ಸ್ವಯಂ ನಿವೃತ್ತಿಯ ಸುತ್ತೋಲೆ ಬಂತು. ಸೇವೆಯ ಪ್ರತಿ ವರ್ಷಕ್ಕೆ 60 ದಿನದ ಸಂಬಳ, ಅಥವಾ ಉಳಿದ ಸೇವೆಯ ಸಂಬಳ, ಎರಡರಲ್ಲಿ ಯಾವುದು ಕಡಿಮೆಯೋ ಅದು. ‘ಕಡಿಮೆಯೋ ಅದು’ ಎಂಬ ಮಾತು ಎಡಗಡೆ ಎಲ್ಲೂ ಇರಲಿಲ್ಲ. ಐದು ವರ್ಷದ ಸಂಬಳ ಕೈಗೆ ಬರುತ್ತದೆಂದು ನಂಬಿದ್ದ ಸಹೋದ್ಯೋಗಿಗೆ ಆಗ 57 ವರ್ಷ. ನಿವೃತ್ತಿಗೆ ಮೂರೇ ವರ್ಷವಿದ್ದುದರಿಂದ ಅವರಿಗೆ ಸಿಗುವುದು 36 ತಿಂಗಳದ್ದು ಮಾತ್ರ. ನನ್ನದು 26 ವರ್ಷದ ಸೇವೆ, ಅಂದರೆ 52 ತಿಂಗಳ ಸಂಬಳ. ಕೆಲಸದಲ್ಲಿ ಉಳಿದರೆ ಇನ್ನೂ 132 ತಿಂಗಳು. ಮಗ ಹೈಸ್ಕೂಲಿನಲ್ಲಿದ್ದ. ನಾನು ಅರ್ಜಿ ಹಾಕಲಿಲ್ಲ. ಇದು ನನ್ನ ಲೆಕ್ಕ. ಬೇರೆ ಆದಾಯವಿದ್ದ ಕೆಲವರಿಗೆ ಹೋಗುವುದೇ ಸರಿಯಿತ್ತು.

ಮಗನಿಗೆ ಅಂಥ ಸುತ್ತೋಲೆಯೂ ಬರಲಿಕ್ಕಿಲ್ಲ. ಆದರೂ ನೇಮಕಾತಿ ಪತ್ರ ತೆಗೆಸಿದೆ. ಬಲಗಡೆ ಬರೆಯಲು ಅದರಲ್ಲೇ ಸಿಕ್ಕಿತು: ನೋಟಿಸ್ ಎರಡು ತಿಂಗಳು. ಒಂಬತ್ತು ವರ್ಷ ದುಡಿದಿರುವುದರಿಂದ ಗ್ರಾಚ್ಯುಟಿಯೂ ಉಂಟು. ಆದರೆ ಮನೆಮಂದಿಯ ಆರೋಗ್ಯ ವಿಮೆ ಕಂಪನಿಯದ್ದು, ಕೆಲಸದ ಜೊತೆಗೇ ಹೋಗುವಂಥದ್ದು. ಇದನ್ನು ಅವನು ಯೋಚಿಸಿಯೇ ಇರಲಿಲ್ಲ. ಆಮೇಲೆ ಸೊಸೆ ಮನೆಸಾಲದ ಕಂತು, ಶಾಲೆ ಫೀಸು, ದಿನಸಿ ಎಲ್ಲ ಕೂಡಿಸಿದಳು. ಉಳಿತಾಯ ಏಳು ತಿಂಗಳಿಗೆ ಸಾಕು.

‘ಏಳಾ? ನಾನು ಎರಡು ಅಂದುಕೊಂಡಿದ್ದೆ’ ಎಂದ ಮಗ. ಶನಿವಾರ ಬೇರೆ ವಿಮೆಯ ಕಂತು ವಿಚಾರಿಸಿಕೊಂಡು ಬಂದ. ನೋಟ್‌ಬುಕ್ಕಿಗೆ ಗೆರೆ ಎಳೆಯುವ ಕೆಲಸ ಈಗ ಮೊಮ್ಮಗಳದ್ದು. ಊಟದ ಹೊತ್ತಿಗೆ ಅಪ್ಪನ ಮೊಬೈಲನ್ನು ಫ್ರಿಜ್ಜಿನ ಮೇಲಿಡುವವಳೂ ಅವಳೇ.