ಮ್ಯಾನೇಜರ್ ಕ್ಯಾಬಿನ್ನಿಗೆ ಬರುವ ಒಂದು ಫೋನ್ ಕರೆ

ಗ್ರಾಹಕರ ಸಮಯ ಮುಗಿದ ಮೇಲೆ ಬನ್ನಿ ಎಂದಿದ್ದರು. ನಾನು ಹೋದಾಗ ಷಟರ್ ಅರ್ಧ ಇಳಿದಿತ್ತು. ಜಿಲ್ಲಾ ಕೇಂದ್ರವೊಂದರ ಈ ಶಾಖೆ, ಹಲವು ಊರುಗಳಲ್ಲಿ ಕವಲೊಡೆದ ಬ್ಯಾಂಕಿನದು. ಮಾತಿನಲ್ಲೇ ನಂಬಿಸಿ ಸಿಬ್ಬಂದಿಯ ಕೈಯಿಂದಲೇ ಹಣ ಹೊರಡಿಸುವ ವಂಚನೆಗೆ ಸೋಶಿಯಲ್ ಎಂಜಿನಿಯರಿಂಗ್ ಎನ್ನುತ್ತಾರೆ. ಅದರ ಬಗ್ಗೆ ಎಲ್ಲ ಶಾಖೆಗಳಿಗೂ ಒಂದು ತರಬೇತಿ ಸಿದ್ಧವಾಗುತ್ತಿದೆ. ಪಾಠ ಬರೆಯುವ ಮೊದಲು ಶಾಖೆಯನ್ನು ಬಾಗಿಲಿನಿಂದ ಒಳಗಿನವರೆಗೆ ನಡೆದು ನೋಡೋಣ ಎಂದು ಹೊರಟಿದ್ದ ತರಬೇತಿ ಅಧಿಕಾರಿಯ ಜತೆ ನಾನೂ ಸೇರಿಕೊಂಡೆ.

ಮೊದಲು ಸಿಕ್ಕವರು ಗಾರ್ಡ್. "ಎಸಿ ರಿಪೇರಿಗೆ ಅಂತ ಯಾರಾದರೂ ಬಂದರೆ ಏನು ಮಾಡ್ತೀರಿ?" ಎಂದು ಅಧಿಕಾರಿ ಕೇಳಿದರು. ಐಡಿ ಕಾರ್ಡ್ ನೋಡುತ್ತೇನೆ, ಸಂಶಯ ಬಂದರೆ ಅವರ ಆಫೀಸಿಗೆ ಫೋನ್ ಹಚ್ಚಿಸಿ ಮಾತಾಡುತ್ತೇನೆ ಎಂದರು ಗಾರ್ಡ್. ಯಾರ ಫೋನಿನಿಂದ? ಬಂದವನ ಫೋನಿನಿಂದಲೇ. ಅಧಿಕಾರಿ ಅದನ್ನು ಬರೆದುಕೊಂಡರು. ಗಾರ್ಡ್ ಏಜೆನ್ಸಿಯ ನೌಕರ, ಕಸ ಗುಡಿಸುವವರೂ ಹಾಗೆಯೇ. ಬ್ಯಾಂಕಿನ ಸಿಬ್ಬಂದಿ ಪಟ್ಟಿಯಲ್ಲಿ ಇಬ್ಬರ ಹೆಸರೂ ಇರುವುದಿಲ್ಲ, ಹಾಗಾಗಿ ಯಾವ ತರಬೇತಿಗೂ ಇವರಿಗೆ ಕರೆ ಬರುವುದಿಲ್ಲ. ಈ ಸಲ ಇಬ್ಬರನ್ನೂ ಸೇರಿಸಬೇಕೆಂಬ ತೀರ್ಮಾನ ಬಾಗಿಲಲ್ಲೇ ಆಯಿತು.

ಕೌಂಟರುಗಳ ಬಳಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಓಟಿಪಿ ಯಾರಿಗೂ ಹೇಳಬೇಡಿ ಎಂಬ ಪೋಸ್ಟರುಗಳೆಲ್ಲ ಗ್ರಾಹಕರ ಕಡೆಗೆ ಮುಖ ಮಾಡಿದ್ದವು. ಒಳಗೆ ಕೂತವರು ಓದಬೇಕಾದದ್ದು ಒಂದೂ ಇರಲಿಲ್ಲ.

ಹೆಚ್ಚು ಹೊತ್ತು ಕೂತದ್ದು ಮ್ಯಾನೇಜರ್ ಕ್ಯಾಬಿನ್ನಿನಲ್ಲಿ. ಇಡೀ ತರಬೇತಿಯನ್ನು ಕಟ್ಟುತ್ತಿರುವುದು ಇಲ್ಲಿಗೆ ಬರುವ ಒಂದೇ ಒಂದು ಕರೆಯ ಸುತ್ತ. ದೇಶದ ಬೇರೆ ಬೇರೆ ಊರುಗಳ ಶಾಖೆಗಳಲ್ಲಿ ಮತ್ತೆ ಮತ್ತೆ ನಡೆದಿರುವ ವಂಚನೆ ಇದು. ಅಧಿಕಾರಿ ಅದನ್ನು ಹಂತ ಹಂತವಾಗಿ ಬಿಡಿಸಿ ಹೇಳಿದರು.

ಮಧ್ಯಾಹ್ನದ ಗದ್ದಲದ ಹೊತ್ತು. ವಾಹನ ಮಾರಾಟದ ಶೋರೂಮ್ ನಡೆಸುವ ದೊಡ್ಡ ಗ್ರಾಹಕರ ಹೆಸರಿನಲ್ಲಿ ಫೋನ್ ಬರುತ್ತದೆ. ಮೊಬೈಲ್ ಪರದೆಯ ಮೇಲೆ ಅವರದೇ ಹೆಸರು, ವಾಟ್ಸಾಪಿನಲ್ಲಿ ಅವರದೇ ಫೋಟೊ. "ಏನ್ ಮ್ಯಾನೇಜರೇ, ಆಸ್ಪತ್ರೆಯಲ್ಲಿದ್ದೀನಿ, ಅರ್ಜೆಂಟಾಗಿ ಒಂದು ಆರ್‌ಟಿಜಿಎಸ್ ಮಾಡಿಸಿ. ಚೆಕ್ಕು ನಾಳೆ ಹುಡುಗನ ಕೈಲಿ ಕಳಿಸ್ತೀನಿ." ಐದು ನಿಮಿಷದಲ್ಲಿ ಕಂಪನಿಯ ಲೆಟರ್‌ಹೆಡ್ಡಿನ ಫೋಟೊ ಬರುತ್ತದೆ. 9,80,000 ರೂಪಾಯಿ, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಕೆಳಗೆ ಸಹಿ. ಮ್ಯಾನೇಜರ್ ಅದನ್ನು ಹೊರಗೆ ಕೂತ ಸಹಾಯಕರಿಗೆ ಕಳಿಸುತ್ತಾರೆ. ಅವರು ಎಂಟ್ರಿ ಹಾಕುತ್ತಾರೆ, ಇನ್ನೊಬ್ಬ ಅಧಿಕಾರಿ ಪಾಸ್ ಮಾಡುತ್ತಾರೆ.

ಇಲ್ಲಿ ನನಗೊಂದು ಅನುಮಾನ ಬಂತು. ಒಬ್ಬರು ಹಾಕಿದ್ದನ್ನು ಮತ್ತೊಬ್ಬರು ಪರೀಕ್ಷಿಸುವ ಮೇಕರ್-ಚೆಕರ್ ಪದ್ಧತಿ ಇರುವುದೇ ಇದನ್ನು ತಡೆಯಲಿಕ್ಕಲ್ಲವೇ? ಅಧಿಕಾರಿ ತಮ್ಮ ಕುರ್ಚಿ ತಿರುಗಿಸಿ ಚೆಕರ್ ಪರದೆಯನ್ನು ತೋರಿಸಿದರು. ಅಲ್ಲಿ ಮೊತ್ತ, ಖಾತೆ, ಐಎಫ್‌ಎಸ್‌ಸಿ ಎಲ್ಲ ಇತ್ತು. ಈ ಕೋರಿಕೆ ಬಂದದ್ದು ಎಲ್ಲಿಂದ ಎಂಬುದಕ್ಕೆ ಮಾತ್ರ ಜಾಗವೇ ಇರಲಿಲ್ಲ. ಪತ್ರದಲ್ಲಿರುವುದೂ ಪರದೆಯಲ್ಲಿರುವುದೂ ತಾಳೆಯಾದರೆ ಚೆಕರ್ ಕೆಲಸ ಮುಗಿಯಿತು. ಎರಡು ಜೋಡಿ ಕಣ್ಣು ನೋಡಿದಂತೆ ಕಂಡರೂ ಇಬ್ಬರೂ ನಂಬಿದ್ದು ಒಂದೇ ಫೋನ್ ಕರೆಯನ್ನು. ಮೇಲಾಗಿ ಹೇಳಿದವರು ಮ್ಯಾನೇಜರ್.

ಪರದೆಯ ಮೇಲೆ ಬಂದ ಹೆಸರಿನ ಬಗ್ಗೆಯೂ ಕೇಳಿದೆ. ಕರೆ ಮಾಡಿದವರ ಹೆಸರು ತೋರಿಸುವ ಆ್ಯಪುಗಳಲ್ಲಿ ಯಾವ ನಂಬರಿಗೆ ಯಾವ ಹೆಸರು ಬೇಕಾದರೂ ಇಟ್ಟುಕೊಳ್ಳಬಹುದು, ಫೋಟೊ ಅಂತೂ ಶೋರೂಮಿನ ಜಾಹೀರಾತಿನಲ್ಲೇ ಸಿಗುತ್ತದೆ ಎಂದರು.

ಅಲ್ಲಿಂದ ಮೆಟ್ಟಿಲು ಹತ್ತಿ ಮೇಲಿನ ಹಾಲಿಗೆ ಬಂದೆವು. ತರಬೇತಿಯ ಪರಿಕರಗಳು ಮೇಜಿನ ಮೇಲೆ ಹರಡಿದ್ದವು. ನನ್ನ ಕಣ್ಣು ಹೋದದ್ದು ಎರಡು ಪಾರದರ್ಶಕ ಹಾಳೆಗಳ ಮೇಲೆ. ಒಂದರಲ್ಲಿ ಬ್ಯಾಂಕಿನಲ್ಲಿರುವ ಮಾದರಿ ಸಹಿ, ಇನ್ನೊಂದರಲ್ಲಿ ನಕಲಿ ಪತ್ರದ ಸಹಿ. ಎರಡೂ ಅಭ್ಯಾಸಕ್ಕೆಂದೇ ಮಾಡಿಕೊಂಡಂಥವು. ಒಂದರ ಮೇಲೊಂದಿಟ್ಟು ಟ್ಯೂಬ್‌ಲೈಟಿಗೆ ಹಿಡಿದೆ. ಗೆರೆ ಗೆರೆಯೂ ಕೂತಿತು, ಕೊನೆಯ ಚುಕ್ಕಿ ಸಮೇತ. "ಸಹಿ ಸರಿಯಾಗಿದೆ" ಎಂದೆ. ಸರಿಯಾಗಿರುವುದೇ ಸಮಸ್ಯೆ ಎಂದರು ಅವರು. ಒಬ್ಬನೇ ಮನುಷ್ಯ ಹಾಕಿದ ಎರಡು ಸಹಿಗಳು ಹೀಗೆ ತಾಳೆಯಾಗುವುದಿಲ್ಲ, ಎಲ್ಲೋ ಒಂದು ಸೊಟ್ಟು, ಒಂದು ಎಳೆತ ಬೇರೆಯಾಗಿರುತ್ತದೆ. ಹಳೆಯ ಕಾಗದದಿಂದ ಎತ್ತಿ ಅಂಟಿಸಿದ ಸಹಿಯೇ ಇಷ್ಟು ಚೊಕ್ಕವಾಗಿ ಕೂರುವುದು. ಸಿಬ್ಬಂದಿ ಇಷ್ಟು ವರ್ಷ ಕಲಿತದ್ದು ಸಹಿ ಹೊಂದಿಕೆಯಾದರೆ ನಿಶ್ಚಿಂತೆ ಎಂದು. ಕಳಿಸಿದ್ದು ಫೋಟೊ ಆದಾಗ ಆ ನಿಶ್ಚಿಂತೆಗೆ ಬೆಲೆಯಿಲ್ಲ.

ಹಾಗಾದರೆ ಏನು ಮಾಡಬೇಕು? ತಾವೇ ತಿರುಗಿ ಫೋನ್ ಮಾಡಬೇಕು. ಬಂದ ನಂಬರಿಗೂ ಅಲ್ಲ, ಪತ್ರದ ಮೇಲಿರುವ ನಂಬರಿಗೂ ಅಲ್ಲ, ಕಂಪ್ಯೂಟರಿನಲ್ಲಿ ಆ ಖಾತೆಗೆ ನೋಂದಾಯಿಸಿದ ನಂಬರಿಗೆ. ಇದಕ್ಕೂ ಮಿತಿ ಇದೆ. ಆ ಸಿಮ್ಮನ್ನೇ ವಂಚಕ ತನ್ನ ವಶ ಮಾಡಿಕೊಂಡಿರಬಹುದು, ಅಥವಾ ವಾರದ ಹಿಂದಷ್ಟೇ ನಂಬರ್ ಬದಲಿಸಲು ಅರ್ಜಿ ಕೊಟ್ಟಿರಬಹುದು. ಆದ್ದರಿಂದ ನಂಬರ್ ಯಾವಾಗ ಬದಲಾಯಿತೆಂದು ಮೊದಲು ನೋಡಬೇಕು. ಇತ್ತೀಚೆಗೆ ಬದಲಾಗಿದ್ದರೆ ಖಾತೆಗೆ ಸಹಿ ಹಾಕುವ ಇನ್ನೊಬ್ಬರನ್ನು ವಿಚಾರಿಸಬೇಕು.

ಇದು ಎಷ್ಟೋ ಜನರಿಗೆ ಗೊತ್ತಿರುವ ವಿಷಯವೇ. ಆದರೂ ಮಾಡುವುದಿಲ್ಲ, ಏಕೆಂದರೆ ದೊಡ್ಡ ಗ್ರಾಹಕರನ್ನು ಅನುಮಾನಿಸಿದಂತಾಗುತ್ತದಲ್ಲ ಎಂಬ ಸಂಕೋಚ. ಅದಕ್ಕೇ ಅರ್ಧ ತರಬೇತಿ ಒಂದೇ ವಾಕ್ಯದ ಅಭ್ಯಾಸ: "ಸರ್, ನಮ್ಮಲ್ಲಿರೋ ನಿಮ್ಮ ನಂಬರಿಗೆ ನಾನೇ ಎರಡು ನಿಮಿಷದಲ್ಲಿ ಫೋನ್ ಮಾಡ್ತೀನಿ." ಒಬ್ಬರು ಗ್ರಾಹಕರಾಗಿ ರೇಗುತ್ತಾರೆ, ಖಾತೆ ಬೇರೆ ಬ್ಯಾಂಕಿಗೆ ಒಯ್ಯುತ್ತೇನೆಂದು ಬೆದರಿಸುತ್ತಾರೆ. ಇನ್ನೊಬ್ಬರು ಅದೇ ವಾಕ್ಯವನ್ನು ದನಿ ಏರಿಸದೆ ಮತ್ತೆ ಹೇಳಬೇಕು. ಹೀಗೆ ತಡ ಮಾಡಿದ್ದಕ್ಕೆ ಗ್ರಾಹಕರಿಂದ ದೂರು ಬಂದರೆ ಸಿಬ್ಬಂದಿಯ ಮೇಲೆ ಕ್ರಮವಿಲ್ಲ ಎಂಬ ಸುತ್ತೋಲೆ ತರಬೇತಿಗಿಂತ ಮೊದಲೇ ಹೊರಡಬೇಕೆಂದು ಅಧಿಕಾರಿ ಪಟ್ಟು ಹಿಡಿದಿದ್ದಾರೆ. ನನಗೂ ಅದೇ ಸರಿ ಅನ್ನಿಸಿತು. ಗುಮಾಸ್ತೆಯೊಬ್ಬರು ಮ್ಯಾನೇಜರಿಗೆ ತಾಳಿ ಎನ್ನಬೇಕಾದರೆ ಕೈಯಲ್ಲೊಂದು ಕಾಗದ ಇರಬೇಕು.

ಆಮೇಲೆ ಅಣಕು ಪರೀಕ್ಷೆಯ ಮಾತು ಬಂತು. ತರಬೇತಿ ಮುಗಿದ ಕೆಲವು ವಾರಗಳ ನಂತರ ಶಾಖೆಗಳಿಗೆ ಸುಳ್ಳು ಕರೆ ಮತ್ತು ಇಮೇಲ್ ಹೋಗುತ್ತವೆ. ವರ್ಗಾವಣೆ ಪಟ್ಟಿ ಎಂಬ ತಲೆಬರಹದ ಇಮೇಲ್ ಕಳಿಸೋಣ ಎಂದು ತಂಡದಲ್ಲೊಬ್ಬರು ಹೇಳಿದ್ದರಂತೆ. ಬ್ಯಾಂಕಿನವರು ಅದನ್ನು ತೆರೆಯದೆ ಇರಲಾರರು. ಹೆಂಡತಿಯ ಕೆಲಸ, ಮಕ್ಕಳ ಶಾಲೆ ಎಲ್ಲ ಆ ಪಟ್ಟಿಗೆ ಅಂಟಿಕೊಂಡಿರುತ್ತದೆ. ಅದಕ್ಕೇ ಅದನ್ನು ಕೈಬಿಟ್ಟರು. ಜನರ ಆತಂಕವನ್ನು ಗಾಳಕ್ಕೆ ಸಿಕ್ಕಿಸಿದರೆ ಅವರು ತರಬೇತಿ ಕೊಟ್ಟವರನ್ನೇ ನಂಬುವುದಿಲ್ಲ, ನಾಳೆ ನಿಜವಾದ ವಂಚನೆ ನಡೆದಾಗ ಬಾಯಿ ಬಿಡುವುದಿಲ್ಲ.

ಬಾಯಿ ಬಿಡುವುದು ಯಾಕೆ ಅಷ್ಟು ಮುಖ್ಯವೆಂದರೆ, 2020ರ ಡಿಸೆಂಬರಿನಿಂದ ಆರ್‌ಟಿಜಿಎಸ್ ಹಗಲು ರಾತ್ರಿ ನಡೆಯುತ್ತದೆ. ಹಣ ಆಗಿಂದಾಗಲೇ ಹೋಗಿ ಸೇರುತ್ತದೆ, ಅಲ್ಲಿಂದ ಸಣ್ಣ ಸಣ್ಣ ಮೊತ್ತವಾಗಿ ಬೇರೆ ಖಾತೆಗಳಿಗೆ ಚದುರುತ್ತದೆ. ಹಣ ಹೋಗಿ ಸೇರಿದ ಬ್ಯಾಂಕಿನವರು ಅದನ್ನು ತಡೆಹಿಡಿಯಬೇಕಾದರೆ ಮೊದಲ ನಿಮಿಷಗಳಲ್ಲೇ ಸುದ್ದಿ ಮುಟ್ಟಬೇಕು, ಸೈಬರ್ ಸಹಾಯವಾಣಿ 1930ಕ್ಕೂ ದೂರು ಹೋಗಬೇಕು. ಹೀಗಾಗಿ ಅಣಕು ಪರೀಕ್ಷೆಯಲ್ಲಿ ಎಷ್ಟು ಜನ ಮೋಸ ಹೋದರು ಎಂಬುದಕ್ಕಿಂತ ಮೊದಲು ವರದಿ ಮಾಡಿದವರು ಎಷ್ಟು ನಿಮಿಷ ತೆಗೆದುಕೊಂಡರು ಎಂಬುದನ್ನು ಅಳೆಯುತ್ತಾರೆ. ಹೆಸರುಗಳನ್ನು ಎಲ್ಲೂ ಪ್ರಕಟಿಸುವುದಿಲ್ಲ. ಮ್ಯಾನೇಜರುಗಳು ಹೆಸರು ಕೇಳದೆ ಇರುತ್ತಾರೆಯೇ ಎಂಬುದರ ಬಗ್ಗೆ ನನಗೆ ಪೂರ್ತಿ ಭರವಸೆ ಬರಲಿಲ್ಲ.

ಕೆಳಗಿಳಿದಾಗ ಚಾಲ್ತಿ ಖಾತೆಯ ಮೇಜಿನ ಮೇಲೆ ಒಂದು ಹೊಸ ಫಾರಂ ಇತ್ತು. ಫೋನಿನಲ್ಲಿ ಬಂದ ಪಾವತಿ ಕೋರಿಕೆಯನ್ನು ತಿರುಗಿ ಕರೆ ಮಾಡಿಯೇ ಖಚಿತಪಡಿಸಿಕೊಳ್ಳುತ್ತೇವೆ, ಅದಕ್ಕೆ ಎರಡು ನಂಬರ್ ಕೊಡಿ ಎಂದು ಗ್ರಾಹಕರಿಂದ ಮೊದಲೇ ಒಪ್ಪಿಗೆ ಪಡೆಯುವ ಫಾರಂ. ತುಂಬಿದ ಕೆಲವನ್ನು ತಿರುವಿ ನೋಡಿದೆ. ಮೊದಲ ನಂಬರ್ ಎಲ್ಲರೂ ಬರೆದಿದ್ದರು. ಎರಡನೆಯದು ಬಹಳ ಕಡೆ ಖಾಲಿ ಇತ್ತು. ಅಧಿಕಾರಿ ಆ ಫಾರಂಗಳನ್ನು ಬೇರೆಯಾಗಿ ಎತ್ತಿಟ್ಟು, ಇವರಿಗೆಲ್ಲ ನಾಳೆಯೇ ಫೋನ್ ಮಾಡಿ ಎಂದು ಮೇಜಿನವರಿಗೆ ಹೇಳಿದರು.