ಸರಾಸರಿ ಕಡಿಮೆ, ಆದರೂ 80 ದಾಟಿದವರು ಹೆಚ್ಚು: ಇದು ಹೇಗೆ?

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಎರಡು ಊರುಗಳ ಅಥವಾ ಎರಡು ಶಾಲೆಗಳ ಸರಾಸರಿ ಅಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ವಾಡಿಕೆ. ಸರಾಸರಿ ಎಲ್ಲಿ ಹೆಚ್ಚೋ ಅಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳೂ ಹೆಚ್ಚಿರಬೇಕು ಎಂದುಕೊಳ್ಳುತ್ತೇವೆ. ಇದು ಯಾವಾಗಲೂ ನಿಜವಲ್ಲ. ಏಕೆಂದು ಒಂದು ಲೆಕ್ಕ ಮಾಡಿಯೇ ನೋಡೋಣ.

ಶಿವಮೊಗ್ಗ ಮತ್ತು ಭದ್ರಾವತಿಯ ಎರಡು ಕೇಂದ್ರಗಳಲ್ಲಿ ತಲಾ 400 ಮಕ್ಕಳು 100 ಅಂಕಗಳ ಒಂದೇ ಪರೀಕ್ಷೆ ಬರೆದರು ಎಂದುಕೊಳ್ಳಿ. ಇಲ್ಲಿನ ಅಂಕಗಳೆಲ್ಲ ಲೆಕ್ಕಕ್ಕಾಗಿ ನಾವು ಊಹಿಸಿಕೊಂಡವು. ಶಿವಮೊಗ್ಗದ ಸರಾಸರಿ 60, ಭದ್ರಾವತಿಯದು 56. ವಿದ್ಯಾರ್ಥಿವೇತನಕ್ಕೆ 80ಕ್ಕಿಂತ ಹೆಚ್ಚು ಅಂಕ ಬೇಕು. ಯಾವ ಊರಿನ ಹೆಚ್ಚು ಮಕ್ಕಳಿಗೆ ಅದು ಸಿಗುತ್ತದೆ?

ಇದಕ್ಕೆ ಉತ್ತರ ಹೇಳಲು ಸರಾಸರಿಯೊಂದೇ ಸಾಲದು. ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದೂ ಗೊತ್ತಿರಬೇಕು. ಪ್ರತಿ ಮಗುವಿನ ಅಂಕ ಸರಾಸರಿಯಿಂದ ಎಷ್ಟು ದೂರವಿದೆ ಎಂದು ಕಂಡುಕೊಂಡು, ಆ ದೂರಗಳನ್ನು ವರ್ಗ ಮಾಡಿ, ಅವುಗಳ ಸರಾಸರಿ ತೆಗೆದು, ಕೊನೆಗೆ ವರ್ಗಮೂಲ ತೆಗೆದರೆ ಸಿಗುವುದೇ ಮಾನಕ ವಿಚಲನೆ. ಶಿವಮೊಗ್ಗದಲ್ಲಿ ಇದು 10, ಭದ್ರಾವತಿಯಲ್ಲಿ 16 ಎಂದಿಟ್ಟುಕೊಳ್ಳೋಣ.

80 ಅಂಕ ಸರಾಸರಿಯಿಂದ ಎಷ್ಟು ಮಾನಕ ವಿಚಲನೆಗಳಷ್ಟು ದೂರದಲ್ಲಿದೆ ಎಂಬುದೇ ಝಡ್-ಸ್ಕೋರ್. ಶಿವಮೊಗ್ಗಕ್ಕೆ (80 − 60) ÷ 10 = 2. ಭದ್ರಾವತಿಗೆ (80 − 56) ÷ 16 = 1.5. ಅಂದರೆ ಭದ್ರಾವತಿಯ ಮಕ್ಕಳ ಮಟ್ಟಿಗೆ 80 ಎಂಬ ಗೆರೆ ಇನ್ನೂ ಹತ್ತಿರದಲ್ಲಿದೆ.

ಅಂಕಗಳ ಹಂಚಿಕೆ ಗಂಟೆಯ ಆಕಾರದಲ್ಲಿದ್ದರೆ, ಅಂದರೆ ಅದು ಸಾಮಾನ್ಯ ವಿತರಣೆಯಾಗಿದ್ದರೆ, ಝಡ್ ಕೋಷ್ಟಕ ಉಳಿದ ಕೆಲಸ ಮಾಡುತ್ತದೆ. ಕೋಷ್ಟಕದಲ್ಲಿ 2ರ ಎದುರಿಗೆ 0.9772 ಇದೆ. ಇದು ಗೆರೆಯ ಕೆಳಗಿರುವವರ ಪಾಲು. ನಮಗೆ ಬೇಕಾದದ್ದು ಮೇಲಿರುವವರ ಪಾಲು, ಹಾಗಾಗಿ 1ರಿಂದ ಕಳೆಯಬೇಕು: 0.0228, ಎಂದರೆ 400ರಲ್ಲಿ ಸುಮಾರು 9 ಮಕ್ಕಳು. 1.5ರ ಎದುರಿಗೆ 0.9332 ಇದೆ, ಉಳಿಯುವುದು 0.0668, ಸುಮಾರು 27 ಮಕ್ಕಳು. ಸರಾಸರಿ 4 ಅಂಕ ಕಡಿಮೆಯಿದ್ದರೂ ಭದ್ರಾವತಿಯಲ್ಲಿ ಮೂರು ಪಟ್ಟು ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗುತ್ತದೆ.

ಹಾಗಾದರೆ ಭದ್ರಾವತಿಯದೇ ಒಳ್ಳೆಯ ಫಲಿತಾಂಶವೇ? ಅದೂ ಅಲ್ಲ. ಇದೇ ಲೆಕ್ಕವನ್ನು 35 ಅಂಕಕ್ಕೆ ಮಾಡಿದರೆ, ಅದಕ್ಕಿಂತ ಕೆಳಗಿರುವವರು ಶಿವಮೊಗ್ಗದಲ್ಲಿ 2 ಅಥವಾ 3 ಮಕ್ಕಳು, ಭದ್ರಾವತಿಯಲ್ಲಿ ಸುಮಾರು 38. ಅಂಕಗಳು ಹೆಚ್ಚು ಚದುರಿದ್ದರೆ ಎರಡೂ ತುದಿಗಳಲ್ಲಿ ಮಕ್ಕಳು ಹೆಚ್ಚುತ್ತಾರೆ.

ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಇದು ಒಂದೇ ಸಾಲು:

```
=1-NORM.DIST(80,56,16,TRUE)
```

ಇಲ್ಲಿ ಎರಡು ತಪ್ಪುಗಳು ಆಗಬಹುದು. ಮುಂದಿನ `1-` ಬಿಟ್ಟರೆ 0.9332 ಬರುತ್ತದೆ. ಸರಾಸರಿಗಿಂತ ಮೇಲಿನ ಅಂಕವನ್ನು ಅರ್ಧಕ್ಕಿಂತ ಹೆಚ್ಚು ಮಕ್ಕಳು ದಾಟಲಾರರು, ಆದ್ದರಿಂದ ಈ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ಇನ್ನೊಂದು ತಪ್ಪು ಅಷ್ಟು ಸುಲಭವಾಗಿ ಕಾಣುವುದಿಲ್ಲ. `TRUE` ಬದಲು `FALSE` ಹಾಕಿ 1ರಿಂದ ಕಳೆಯದಿದ್ದರೆ ಸುಮಾರು 0.0081 ಬರುತ್ತದೆ. ನೋಡಲು ಶೇ 0.8ರಂತಿದ್ದರೂ ಅದು ಮಕ್ಕಳ ಪಾಲಲ್ಲ, ಆ ಜಾಗದಲ್ಲಿ ಗಂಟೆಯ ಗೆರೆ ಎಷ್ಟು ಎತ್ತರವಿದೆ ಎಂಬುದಷ್ಟೇ.

ಈ ವಿಧಾನಕ್ಕೆ ಮಿತಿಯೂ ಇದೆ. ಭದ್ರಾವತಿಯ ಲೆಕ್ಕದಲ್ಲಿ 80ರ ಬದಲು 100 ಹಾಕಿದರೆ, 400ರಲ್ಲಿ ಸುಮಾರು ಒಂದು ಮಗು 100ಕ್ಕಿಂತ ಹೆಚ್ಚು ಅಂಕ ಪಡೆದಿದೆ ಎಂಬ ಉತ್ತರ ಬರುತ್ತದೆ! ಗಂಟೆಯ ಗೆರೆಗೆ ತುದಿಯಿಲ್ಲ, ಪರೀಕ್ಷೆಯ ಅಂಕಗಳಿಗೆ ಇದೆ. ಪರೀಕ್ಷೆ ಸುಲಭವಾಗಿದ್ದಷ್ಟೂ ಮಕ್ಕಳು ಆ ತುದಿಯಲ್ಲಿ ಗುಂಪುಗೂಡುತ್ತಾರೆ. 2022ರ ಎಸ್‌ಎಸ್‌ಎಲ್‌ಸಿಯಲ್ಲಿ 145 ವಿದ್ಯಾರ್ಥಿಗಳು 625ಕ್ಕೆ 625 ಪಡೆದಿದ್ದರು. ಅಂಥ ತುದಿಯ ಬಗ್ಗೆ ಝಡ್ ಕೋಷ್ಟಕವನ್ನು ಕೇಳಬಾರದು.

ಗಂಟೆಯ ಆಕಾರ ಹೊಂದುತ್ತದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಸರಾಸರಿಯ ಎರಡೂ ಕಡೆ ಒಂದೊಂದು ಮಾನಕ ವಿಚಲನೆಯೊಳಗೆ ಶೇ 68ರಷ್ಟು ಮಕ್ಕಳಿರಬೇಕು. ಭದ್ರಾವತಿಯ ಲೆಕ್ಕದಲ್ಲಿ 40ರಿಂದ 72ರ ನಡುವೆ ಸುಮಾರು 273 ಮಕ್ಕಳು. ಎಣಿಸಿದಾಗ 200 ಅಥವಾ 340 ಬಂದರೆ ಈ ವಿಧಾನ ಇಲ್ಲಿ ಸಲ್ಲದು. ಎಲ್ಲ ಮಕ್ಕಳ ಅಂಕಪಟ್ಟಿಯೇ ಕೈಯಲ್ಲಿದ್ದರಂತೂ 80 ದಾಟಿದವರನ್ನು ನೇರವಾಗಿ ಎಣಿಸಿಬಿಡುವುದೇ ಸರಿ. ಸರಾಸರಿ ಮತ್ತು ಮಾನಕ ವಿಚಲನೆ ಮಾತ್ರ ಸಿಕ್ಕಾಗ ಝಡ್-ಸ್ಕೋರ್ ನೆರವಿಗೆ ಬರುತ್ತದೆ. ಬರೀ ಸರಾಸರಿ ಸಿಕ್ಕಿದ್ದರೆ, ಕಟ್‌ಆಫ್ ದಾಟಿದವರು ಎಷ್ಟು ಎಂದು ಅದರಿಂದ ಹೇಳಲಾಗದು.