ವಾಯುಭಾರ ಕುಸಿತ: ಮಳೆ ಸುರಿಯುವುದು ದಾರಿಯ ಎಡಬದಿಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ಗಾಳಿಯ ದೊಡ್ಡ ಸುಳಿಗಳು ಮತ್ತೆ ಮತ್ತೆ ಏಳುತ್ತವೆ. ಸುಳಿಯ ನಡುವೆ ಗಾಳಿಯ ಒತ್ತಡ ಸುತ್ತಲಿಗಿಂತ ಕೆಲವೇ ಮಿಲಿಬಾರ್‌ಗಳಷ್ಟು ಕಡಿಮೆ ಇರುತ್ತದೆ. ಅದರ ಗಾಳಿ ಗಂಟೆಗೆ 31ರಿಂದ 49 ಕಿ.ಮೀ. ವೇಗದಲ್ಲಿದ್ದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ವಾಯುಭಾರ ಕುಸಿತ. 50ರಿಂದ 61 ಕಿ.ಮೀ. ಇದ್ದರೆ ತೀವ್ರ ವಾಯುಭಾರ ಕುಸಿತ. 62 ಮುಟ್ಟಿದರೆ ಚಂಡಮಾರುತ. ಮಳೆಗಾಲದ ಸುಳಿಗಳು ಚಂಡಮಾರುತವಾಗುವುದು ಅಪರೂಪ. ಆ ದಿನಗಳಲ್ಲಿ ಕೆಳಗೆ ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ, ಸುಮಾರು 15 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಅದಕ್ಕಿಂತ ಬಿರುಸಾಗಿ ಬೀಸುತ್ತಿರುತ್ತದೆ. ಈ ಎಳೆದಾಟದಲ್ಲಿ ಸುಳಿ ನೆಟ್ಟಗೆ ನಿಂತು ಬಲಿಯಲಾರದು.

ಗಾಳಿ ಸೌಮ್ಯವೆಂದು ಮಳೆಯೂ ಸೌಮ್ಯವಾಗಿರುವುದಿಲ್ಲ. ಚಂಡಮಾರುತಕ್ಕೆ ಕಡಲಿನ ಬಿಸಿಯೇ ಆಹಾರವಾದ್ದರಿಂದ ನೆಲ ಹತ್ತಿದ ಮೇಲೆ ಅದು ಬೇಗ ಸೊರಗುತ್ತದೆ. ಮುಂಗಾರಿನ ವಾಯುಭಾರ ಕುಸಿತಕ್ಕೆ ಹಾಗಾಗುವುದಿಲ್ಲ. ಅದರ ಸುತ್ತ ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಮುಂಗಾರಿನ ಹಸಿ ಗಾಳಿಯೇ ಹರಿಯುತ್ತಿರುತ್ತದೆ. ಮೊದಲೇ ನೆನೆದ ನೆಲ, ನೀರು ನಿಂತ ಭತ್ತದ ಗದ್ದೆಗಳು ಕೂಡ ಅದಕ್ಕೆ ತೇವ ಒದಗಿಸುತ್ತವೆ. ಹಾಗಾಗಿ ಒಡಿಶಾದ ಕರಾವಳಿ ದಾಟಿದ ಕುಸಿತ ಛತ್ತೀಸಗಡ, ಮಧ್ಯಪ್ರದೇಶಗಳನ್ನು ಹಾದು ಕೆಲವೊಮ್ಮೆ ಗುಜರಾತ್, ರಾಜಸ್ಥಾನದವರೆಗೂ ಜೀವ ಹಿಡಿದುಕೊಂಡು ಹೋಗುತ್ತದೆ. ಅದರ ನಡಿಗೆ ನಿಧಾನ. ಗಂಟೆಗೆ 15 ಕಿ.ಮೀ. ಸಾಗಿದರೆ 500 ಕಿ.ಮೀ. ಅಗಲದ ಮಳೆಮೋಡ ಒಂದು ಊರನ್ನು ದಾಟಲು ಒಂದೂವರೆ ದಿನ ಬೇಕು. ನಡುವೆ ಎಲ್ಲಾದರೂ ನಿಂತುಬಿಟ್ಟರೆ ಮೂರು ದಿನವೂ ಆದೀತು. ಜಡಿಮಳೆ ಬಿಡದೆ ಹಿಡಿಯುವುದು ಇದೇ ಕಾರಣಕ್ಕೆ.

ಮಳೆ ಎಲ್ಲಿ ಹೆಚ್ಚು ಬೀಳುತ್ತದೆ ಎಂಬುದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಟಿವಿಯ ನಕ್ಷೆಯಲ್ಲಿ ಕೇಂದ್ರಬಿಂದುವಿಗೆ ಕೆಂಪು ಗುರುತು ಹಾಕುತ್ತಾರೆ. ಆದರೆ ಅತಿ ಹೆಚ್ಚು ಮಳೆ ಕೇಂದ್ರದಲ್ಲಲ್ಲ, ಅದರ ನೈಋತ್ಯಕ್ಕೆ. ಕುಸಿತ ವಾಯವ್ಯ ದಿಕ್ಕಿಗೆ ಸಾಗುವುದರಿಂದ ಅದು ದಾರಿಯ ಎಡಬದಿಯಾಗುತ್ತದೆ. ಸುಳಿಯ ದಕ್ಷಿಣ ಪಕ್ಕದಲ್ಲಿ ಅದರ ಸ್ವಂತ ಗಾಳಿಯೂ ಮುಂಗಾರು ಗಾಳಿಯೂ ಒಂದೇ ದಿಕ್ಕಿಗೆ ಬೀಸಿ ಒಂದಕ್ಕೊಂದು ಬಲ ಕೊಡುತ್ತವೆ. ಜೊತೆಗೆ ಎತ್ತರಕ್ಕೆ ಹೋದಂತೆ ಸುಳಿ ನೈಋತ್ಯಕ್ಕೇ ವಾಲಿರುತ್ತದೆ. ಹಸಿ ಗಾಳಿ ರಭಸದಿಂದ ಮೇಲೇರುವುದು ಅಲ್ಲಿ. ಅಲ್ಲಿ ದಿನಕ್ಕೆ 100ರಿಂದ 200 ಮಿ.ಮೀ. ಮಳೆ ಸಾಮಾನ್ಯ. 100 ಮಿ.ಮೀ. ಮಳೆಯೆಂದರೆ ಒಂದು ಚದರ ಕಿಲೋಮೀಟರ್ ನೆಲದ ಮೇಲೆ 10 ಕೋಟಿ ಲೀಟರ್ ನೀರು.

2024ರ ಆಗಸ್ಟ್ ಕೊನೆಯ ವಾರದಲ್ಲಿ ಗುಜರಾತ್ ಇದನ್ನು ಕಂಡಿತು. ಮಧ್ಯಪ್ರದೇಶ, ರಾಜಸ್ಥಾನಗಳ ಕಡೆಯಿಂದ ಬಂದ ಕುಸಿತ ನೆಲದ ಮೇಲಿದ್ದೇ ತೀವ್ರಗೊಂಡು ಸೌರಾಷ್ಟ್ರ, ಕಚ್ಛ್ ಕಡೆಗೆ ನಿಧಾನವಾಗಿ ಸರಿಯಿತು. ಅದರ ದಾರಿಯ ಎಡಕ್ಕಿದ್ದ ವಡೋದರಾದಲ್ಲಿ ವಿಶ್ವಾಮಿತ್ರಿ ನದಿ ದಂಡೆ ಮೀರಿ ನಗರಕ್ಕೆ ನುಗ್ಗಿತು. ಊರ ನಡುವೆಯೇ ಮೊಸಳೆಗಳಿರುವ ನದಿ ಅದು. ಬೀದಿಗೂ ಮನೆಯಂಗಳಕ್ಕೂ ಬಂದ ಮೊಸಳೆಗಳನ್ನು ಹಿಡಿಯಲು ಅರಣ್ಯ ಸಿಬ್ಬಂದಿ ಓಡಾಡಬೇಕಾಯಿತು. ಕಡೆಗೆ ಆಗಸ್ಟ್ 30ರಂದು ಕುಸಿತ ಅರಬ್ಬಿ ಸಮುದ್ರಕ್ಕಿಳಿದು 'ಅಸ್ನಾ' ಚಂಡಮಾರುತವಾಯಿತು. ಆಗಸ್ಟ್ ತಿಂಗಳಲ್ಲಿ ಅರಬ್ಬಿ ಸಮುದ್ರ ಚಂಡಮಾರುತ ಕಂಡದ್ದು 1976ರ ನಂತರ ಅದೇ ಮೊದಲು.

ಕರ್ನಾಟಕಕ್ಕೆ ಕುಸಿತದ ಕೇಂದ್ರ ಮಳೆಗಾಲದಲ್ಲಿ ಬರುವುದು ಕಡಿಮೆ, ಅದರ ಮಳೆ ಮಾತ್ರ ತಪ್ಪದು. ಕೊಲ್ಲಿಯಲ್ಲಿ ಸುಳಿ ಎದ್ದೊಡನೆ ಅರಬ್ಬಿ ಸಮುದ್ರದ ಗಾಳಿ ಅದರತ್ತ ಬಿರುಸಾಗಿ ಧಾವಿಸುತ್ತದೆ. ನಡುವೆ ಅಡ್ಡ ನಿಂತ ಪಶ್ಚಿಮ ಘಟ್ಟವನ್ನು ಏರುವಾಗ ನೀರನ್ನು ಸುರಿದುಬಿಡುತ್ತದೆ. 2018ರ ಆಗಸ್ಟ್ ಮಧ್ಯದಲ್ಲಿ ಕುಸಿತವಿದ್ದದ್ದು ಒಡಿಶಾ ತೀರದಲ್ಲಿ, ಗುಡ್ಡಗಳು ಕುಸಿದದ್ದು ಸಾವಿರ ಕಿಲೋಮೀಟರ್ ಆಚೆಯ ಕೊಡಗಿನಲ್ಲಿ. ಅಷ್ಟರಲ್ಲಾಗಲೇ ವಾರಗಟ್ಟಲೆ ನೆನೆದಿದ್ದ ಮಣ್ಣಿಗೆ ಮತ್ತೆ ನೀರು ಹೀರುವ ಶಕ್ತಿ ಉಳಿದಿರಲಿಲ್ಲ.

ಕುಸಿತದ ದಾರಿಯನ್ನು ಎರಡು ಮೂರು ದಿನ ಮೊದಲೇ ಸಾಕಷ್ಟು ಸರಿಯಾಗಿ ಹೇಳಬಹುದು. ಯಾವ ತಾಲ್ಲೂಕಿನಲ್ಲಿ ಎಷ್ಟು ಮಳೆ ಎಂಬುದನ್ನು ಅಷ್ಟು ಖಚಿತವಾಗಿ ಹೇಳಲಾಗದು. ಆದ್ದರಿಂದ ಮುನ್ಸೂಚನೆ ಓದುವಾಗ ಗಾಳಿಯ ವೇಗ ಕಡಿಮೆಯಿದೆ, ಕೇಂದ್ರ ದೂರವಿದೆ ಎಂದು ಸುಮ್ಮನಾಗಬಾರದು. ಕುಸಿತ ಎಷ್ಟು ನಿಧಾನವಾಗಿ ಸಾಗುತ್ತಿದೆ, ನಮ್ಮೂರು ಅದರ ದಾರಿಯ ಎಡಕ್ಕಿದೆಯೇ, ಜಿಲ್ಲೆಗೆ ಯಾವ ಬಣ್ಣದ ಎಚ್ಚರಿಕೆ ಕೊಟ್ಟಿದ್ದಾರೆ ಎಂಬುದನ್ನು ನೋಡಬೇಕು. ಹೊಳೆಯಂಚಿನಲ್ಲೋ ಗುಡ್ಡದ ಬುಡದಲ್ಲೋ ಮನೆಯಿದ್ದವರು ರೆಡ್ ಅಲರ್ಟ್ ಬಂದ ದಿನವೇ, ಬೆಳಕಿರುವಾಗಲೇ ಜಾಗ ಬಿಡುವುದು ಒಳ್ಳೆಯದು.